ಜಾಹೀರಾತು ಅಗತ್ಯವನ್ನು ಹುಟ್ಟಿಸುತ್ತದೆಯೇ, ಇದ್ದದ್ದನ್ನು ಎತ್ತಿ ತೋರಿಸುತ್ತದೆಯೇ? ಮಾರ್ಕೆಟಿಂಗ್ ಕ್ಲಬ್ ಚರ್ಚೆಗೆ ಭಾಷಣ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಾಲೇಜುಗಳ ಮಾರ್ಕೆಟಿಂಗ್ ಕ್ಲಬ್‌ಗಳಲ್ಲಿ ಈ ವಿಷಯ ವರ್ಷಕ್ಕೊಮ್ಮೆಯಾದರೂ ಚರ್ಚೆಗೆ ಬರುತ್ತದೆ. ಜಾಹೀರಾತು ಅಗತ್ಯವನ್ನು ಹುಟ್ಟಿಸುತ್ತದೆ ಎನ್ನುವವರು ಪರ, ಇದ್ದದ್ದನ್ನು ಎತ್ತಿ ತೋರಿಸುತ್ತದೆ ಅಷ್ಟೇ ಎನ್ನುವವರು ವಿರೋಧ. ಐದು ನಿಮಿಷದ ಮಂಡನೆ, ಎರಡು ನಿಮಿಷದ ಖಂಡನೆ ಇರುವ ಸ್ಪರ್ಧೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಉತ್ತರಗಳನ್ನು ಬರೆದಿದ್ದೇವೆ. ನಿಮ್ಮಲ್ಲಿ ಸಮಯ ಬೇರೆಯಿದ್ದರೆ ಅದೇ ಅನುಪಾತದಲ್ಲಿ ಹಿಗ್ಗಿಸಿಕೊಳ್ಳಿ, ಇಲ್ಲವೇ ಕುಗ್ಗಿಸಿಕೊಳ್ಳಿ.

ಈ ವಿಷಯದ ಮೇಲೆ ಎಲ್ಲರೂ ಹೇಳಿದ್ದನ್ನೇ ಹೇಳುತ್ತಾರೆ. ಹೊಸದಾಗಿ ಹೇಳಲು ಏನಿದೆ?

ಎಲ್ಲರೂ ಒಂದೇ ಥರ ಮಾತನಾಡುವುದಕ್ಕೆ ಕಾರಣ ಉದಾಹರಣೆಗಳ ರಾಶಿ. ಮೊಬೈಲು, ಫೇರ್‌ನೆಸ್ ಕ್ರೀಮು, ವಜ್ರದ ಉಂಗುರ, ಬಾಟಲಿ ನೀರು ಎಲ್ಲವೂ ಐದೇ ನಿಮಿಷದಲ್ಲಿ ಬಂದು ಹೋಗುತ್ತವೆ, ಒಂದಕ್ಕೂ ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಎದುರಾಳಿ ಎದ್ದು ನಿಂತು "ಜಾಹೀರಾತು ಬರುವ ಮೊದಲು ಜನ ಏನು ಮಾಡುತ್ತಿದ್ದರು?" ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಒಂದೇ ಒಂದು ಪ್ರಕರಣ ಹಿಡಿಯಿರಿ. ಅದರ ಮೊದಲು, ನಡುವೆ, ಆಮೇಲೆ ಮೂರೂ ನಿಮಗೆ ಗೊತ್ತಿರಲಿ. ಈ ವಿಷಯಕ್ಕೆ ಭಾರತದಲ್ಲಿ ಚಹಾಕ್ಕಿಂತ ಒಳ್ಳೆಯ ಪ್ರಕರಣ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಪರ ನಿಂತವರಿಗೂ ವಿರೋಧ ನಿಂತವರಿಗೂ ಅದರಲ್ಲಿ ಸರಕಿದೆ. ಕೊನೇ ಗಳಿಗೆಯಲ್ಲಿ ಪಕ್ಷ ಬದಲಾದರೂ ಓದಿದ್ದು ವ್ಯರ್ಥವಾಗುವುದಿಲ್ಲ.

"ಮಾರ್ಕೆಟಿಂಗ್ ಅಗತ್ಯವನ್ನು ಸೃಷ್ಟಿಸುವುದಿಲ್ಲ" ಎಂದು ಪಠ್ಯಪುಸ್ತಕದಲ್ಲೇ ಇದೆಯಲ್ಲ? ಅಲ್ಲಿಗೆ ಚರ್ಚೆ ಮುಗಿಯಲಿಲ್ಲವೇ?

ಬಿಬಿಎ, ಬಿಕಾಂ ಓದುವವರೆಲ್ಲ ಫಿಲಿಪ್ ಕೋಟ್ಲರ್ ಅವರ ವಿಂಗಡಣೆಯನ್ನು ಓದಿರುತ್ತಾರೆ. ಹಸಿವು, ಆಸರೆ, ತಾನೂ ಒಂದು ಗುಂಪಿಗೆ ಸೇರಿದವನೆಂಬ ಭಾವ ಇವು ಮನುಷ್ಯನಿಗೆ ಹುಟ್ಟಿನಿಂದ ಬಂದ ಅಗತ್ಯಗಳು. ಆ ಹಸಿವು ಇಡ್ಲಿಯ ರೂಪ ತಾಳಿದರೆ ಅದು ಬಯಕೆ. ಕೊಳ್ಳಲು ಕೈಯಲ್ಲಿ ಕಾಸೂ ಇದ್ದರೆ ಬೇಡಿಕೆ. ಈ ವಿಂಗಡಣೆಯ ಪ್ರಕಾರ ಅಗತ್ಯ ಮಾರುವವನಿಗಿಂತ ಮೊದಲೇ ಇರುತ್ತದೆ, ಮಾರುವವನು ಬಯಕೆಯ ಮೇಲೆ ಮಾತ್ರ ಪ್ರಭಾವ ಬೀರುತ್ತಾನೆ.

ವಿರೋಧದಲ್ಲಿರುವವರು ನೂರಕ್ಕೆ ತೊಂಬತ್ತು ಪಾಲು ಇದನ್ನೇ ತಂದು ಮುಂದಿಡುತ್ತಾರೆ. ಪರ ನಿಂತವರು ಇದನ್ನು ತಪ್ಪು ಎಂದು ಸಾಧಿಸಲು ಹೋಗಬಾರದು, ಯಾಕೆಂದರೆ ವ್ಯಾಖ್ಯೆ ತಪ್ಪಾಗಲು ಬರುವುದಿಲ್ಲ. ಬದಲಿಗೆ ಹೀಗೆ ಕೇಳಿ: "ಹುಟ್ಟಿನಿಂದ ಬಂದದ್ದನ್ನು ಮಾತ್ರ ಅಗತ್ಯ ಎನ್ನುವುದಾದರೆ, ಯಾರೂ ಯಾವ ಅಗತ್ಯವನ್ನೂ ಸೃಷ್ಟಿಸಲಾರರು. ಜಾಹೀರಾತೂ ಸೃಷ್ಟಿಸಲಾರದು, ಶಾಲೆಯೂ ಸೃಷ್ಟಿಸಲಾರದು. ಉತ್ತರವನ್ನು ವ್ಯಾಖ್ಯೆಯೊಳಗೇ ಇಟ್ಟುಕೊಂಡು ಬಂದರೆ ನಾವಿಲ್ಲಿ ಚರ್ಚಿಸುವುದಾದರೂ ಏನನ್ನು?" ಆಮೇಲೆ ನಿಮ್ಮ ಅಳತೆಗೋಲನ್ನು ಮುಂದಿಡಿ: ಇಲ್ಲದಿದ್ದರೆ ಕೊರತೆ ಎನಿಸುವುದು, ಆ ಕೊರತೆ ನೀಗಿಸಲು ಮನುಷ್ಯ ದಿನಚರಿಯನ್ನೂ ದುಡ್ಡನ್ನೂ ಹೊಂದಿಸಿಕೊಳ್ಳುವುದು, ಅದು ಅಗತ್ಯ. ನಮ್ಮ ಮನೆಗಳಲ್ಲಿ ಆ ಮಾತನ್ನು ಬಳಸುವುದೂ ಹಾಗೆಯೇ.

ಈ ವ್ಯಾಖ್ಯೆಯನ್ನು ಭಾಷಣದ ಮೊದಲ ನಿಮಿಷದಲ್ಲೇ ಹೇಳಬೇಕು, ಕೊನೆಯವರೆಗೂ ಅದನ್ನೇ ಹಿಡಿದಿರಬೇಕು. ಮೊದಲು ಕೊರತೆ ಎಂಬ ಅರ್ಥದಲ್ಲಿ ಶುರುಮಾಡಿ, ಮೂರನೇ ನಿಮಿಷದಲ್ಲಿ "ಜನ ಬೇಡದ್ದನ್ನೆಲ್ಲ ಕೊಳ್ಳುತ್ತಿದ್ದಾರೆ" ಎಂದು ಶೋಕಿಯ ಕಡೆಗೆ ಜಾರಿದರೆ ತೀರ್ಪುಗಾರರು ಅದನ್ನು ತಕ್ಷಣ ಗುರುತಿಸುತ್ತಾರೆ. ಈ ಚರ್ಚೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ಚಹಾದ ಕಥೆ ನಿಖರವಾಗಿ ಏನು?

ಬ್ರಿಟಿಷರು 1830ರ ದಶಕದಿಂದ ಅಸ್ಸಾಮಿನಲ್ಲಿ ತೋಟ ಹಾಕಿ ಚಹಾ ಬೆಳೆಯತೊಡಗಿದರು. ಬೆಳೆದದ್ದು ಬಹುಪಾಲು ಹಡಗು ಹತ್ತಿ ಹೋಗುತ್ತಿತ್ತು. ಇಲ್ಲಿನ ಸಾಮಾನ್ಯ ಜನರಿಗೆ ಅದು ದುಬಾರಿ, ಅಪರಿಚಿತ, ದೊರೆಗಳ ಮನೆಯ ಪಾನೀಯ. 1903ರಲ್ಲಿ ತೋಟದ ಮಾಲೀಕರೇ ಕೇಳಿಕೊಂಡದ್ದರಿಂದ ಸರ್ಕಾರ ರಫ್ತಾಗುವ ಚಹಾದ ಮೇಲೆ ಸೆಸ್ ಹಾಕಿತು. ಆ ಹಣ ಚಹಾದ ಪ್ರಚಾರಕ್ಕೇ ಮೀಸಲು. ಆರಂಭದಲ್ಲಿ ಅದರ ಗಮನ ಹೆಚ್ಚಾಗಿ ಹೊರದೇಶದ ಮಾರುಕಟ್ಟೆಗಳ ಮೇಲಿತ್ತು.

ತಿರುವು ಬಂದದ್ದು 1930ರ ದಶಕದ ಆರ್ಥಿಕ ಕುಸಿತದಲ್ಲಿ. ಬೆಲೆ ನೆಲಕಚ್ಚಿತು. ಪೂರೈಕೆ ತಗ್ಗಿಸಲು 1933ರಲ್ಲಿ ಭಾರತ, ಸಿಲೋನ್ ಮತ್ತು ಡಚ್ಚರ ಹಿಡಿತದಲ್ಲಿದ್ದ ಇಂಡೀಸ್‌ನ ಬೆಳೆಗಾರರು ರಫ್ತಿಗೆ ಮಿತಿ ಹಾಕಿಕೊಳ್ಳುವ ಒಪ್ಪಂದಕ್ಕೆ ಬಂದರು. ಹೊರಗೆ ಕಳಿಸುವಂತಿಲ್ಲ, ಗಿಡ ಚಿಗುರುವುದನ್ನು ನಿಲ್ಲಿಸುವಂತಿಲ್ಲ. ಉಳಿದ ಸರಕಿಗೆ ಗಿರಾಕಿ ಬೇಕಾಯಿತು, ಅದಕ್ಕೆ ದೇಶದೊಳಗಿನ ಕೋಟಿಗಟ್ಟಲೆ ಜನ ಕಂಡರು. 1937ರಲ್ಲಿ ಸೆಸ್ ಸಮಿತಿಯ ಹೆಸರೇ ಚಹಾ ಮಾರುಕಟ್ಟೆ ವಿಸ್ತರಣಾ ಮಂಡಳಿ ಎಂದಾಯಿತು. ಭಾಷಣದಲ್ಲಿ ಈ ಹೆಸರನ್ನು ಒತ್ತಿ ಹೇಳಿ, ಏಕೆಂದರೆ ಉದ್ದೇಶ ಅದರಲ್ಲೇ ಇದೆ.

ಪ್ರಚಾರ ನಡೆದದ್ದು ಪತ್ರಿಕೆಯಲ್ಲಿ ಮಾತ್ರವಲ್ಲ. ಚಹಾ ಮಾಡಿ ತೋರಿಸುವವರು ಊರೂರು, ಬೀದಿಬೀದಿ ತಿರುಗಿದರು, ಮನೆಬಾಗಿಲಲ್ಲಿ ಕಾಸಿ ಕುಡಿಸಿದರು. ರೈಲು ನಿಲ್ದಾಣಗಳಲ್ಲಿ ಎನಾಮೆಲ್ ಫಲಕಗಳು ಬಂದವು. ಅವುಗಳ ಮೇಲೆ ಸ್ಥಳೀಯ ಭಾಷೆಗಳಲ್ಲಿ, ಚಿತ್ರಸಹಿತ, ಚಹಾ ಮಾಡುವ ವಿಧಾನ ಇರುತ್ತಿತ್ತು: ನೀರು ಹೊಸದಾಗಿರಬೇಕು, ಚೆನ್ನಾಗಿ ಕುದಿಯಬೇಕು, ಸೊಪ್ಪು ಇಷ್ಟು ಹಾಕಬೇಕು. ಗಿರಣಿ, ಗಣಿ, ಕಾರ್ಖಾನೆಗಳಲ್ಲಿ ಚಹಾದಂಗಡಿ ಇಡುವಂತೆ ಮಾಲೀಕರ ಮನವೊಲಿಸಿದರು. ದಣಿದ ಕೆಲಸಗಾರ ಚಹಾ ಕುಡಿದರೆ ಚುರುಕಾಗುತ್ತಾನೆ ಎಂಬುದು ಅಲ್ಲಿಯ ವಾದ.

ಆ ಫಲಕದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಮಾಡುವುದು ಹೇಗೆಂದು ಕಲಿಸಬೇಕಾಗಿ ಬಂದ ವಸ್ತುವನ್ನು ಜನ ಮೊದಲೇ ಬಯಸುತ್ತಿದ್ದರು ಎಂದು ವಾದಿಸುವುದು ಕಷ್ಟ. ಪರ ನಿಂತವರ ಕೈಯಲ್ಲಿರುವ ಅತಿ ಗಟ್ಟಿ ಸಾಕ್ಷ್ಯ ಇದು.

ಹಾಗಾದರೆ ಜಾಹೀರಾತೇ ಭಾರತಕ್ಕೆ ಚಹಾ ಕುಡಿಸಿತು ಎನ್ನಬಹುದೇ?

ಹಾಗೆ ಒಂದೇ ಮಾತಿನಲ್ಲಿ ಹೇಳಿದರೆ ಸಿಕ್ಕಿಬೀಳುತ್ತೀರಿ. ಇಷ್ಟೆಲ್ಲ ಪ್ರಚಾರವಾದರೂ ಸ್ವಾತಂತ್ರ್ಯ ಬರುವ ಹೊತ್ತಿಗೆ ಚಹಾ ಹಳ್ಳಿಹಳ್ಳಿಗೆ ಇಳಿದಿರಲಿಲ್ಲ. ದೇಶದ ಬಹುಪಾಲು ಜನರ ದಿನನಿತ್ಯದ ಪಾನೀಯವಾದದ್ದು ಆಮೇಲೆ, ಸಿಟಿಸಿ ಚಹಾ ಹರಡಿದ ಮೇಲೆ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ರೂಪುಗೊಂಡ ಸಿಟಿಸಿ ಯಂತ್ರ, ಅಂದರೆ ಕ್ರಷ್, ಟೇರ್, ಕರ್ಲ್ ಯಂತ್ರ, ಎಲೆಯನ್ನು ಹಲ್ಲಿರುವ ಉರುಳೆಗಳ ನಡುವೆ ಜಜ್ಜಿ, ಹರಿದು, ಸಣ್ಣ ಕಾಳಿನಂತೆ ಉರುಳಿಸುತ್ತದೆ. ನಾವಿಂದು ಅಂಗಡಿಯಲ್ಲಿ ತರುವ ಚಹಾಪುಡಿ ಬಹುತೇಕ ಇದೇ. ಸ್ವಲ್ಪ ಹಾಕಿದರೂ ಬಣ್ಣ ಬರುತ್ತದೆ, ಕಡಕ್ ಆಗುತ್ತದೆ, ಹಾಲು ಸಕ್ಕರೆ ಸುರಿದರೂ ರುಚಿ ಮುಚ್ಚಿಹೋಗುವುದಿಲ್ಲ. ಒಂದು ಕಿಲೋ ಪುಡಿಯಿಂದ ಸಿಗುವ ಲೋಟಗಳು ಹೆಚ್ಚಾದವು, ಒಂದು ಲೋಟದ ಬೆಲೆ ಇಳಿಯಿತು.

ಇನ್ನೊಂದು ವಿಷಯ. ಫಲಕದಲ್ಲಿ ಬರೆದ ಹಾಗೆ ಜನ ಚಹಾ ಮಾಡಲಿಲ್ಲ. ಸೊಪ್ಪನ್ನು ಬಿಸಿನೀರಲ್ಲಿ ನೆನೆಸಿ, ಮೇಲೆ ಹಾಲು ಬೆರೆಸಿ ಎಂದು ಕಲಿಸಿದರೆ, ನಮ್ಮವರು ನೀರು, ಹಾಲು, ಸಕ್ಕರೆ, ಪುಡಿ ಎಲ್ಲ ಒಟ್ಟಿಗೆ ಹಾಕಿ ಕುದಿಸಿದರು. ಎಷ್ಟೋ ಕಡೆ ಶುಂಠಿ ಏಲಕ್ಕಿಯೂ ಬಿತ್ತು. ಅಂದರೆ ಪ್ರಚಾರ ಬಾಗಿಲು ತೆರೆಯಿತು, ಒಳಗೆ ಬಂದದ್ದನ್ನು ಜನ ತಮ್ಮ ನಾಲಿಗೆಗೆ ತಕ್ಕ ಹಾಗೆ ಬದಲಿಸಿಕೊಂಡರು.

ಆದ್ದರಿಂದ ಪರ ಪಕ್ಷದವರು ವಾದವನ್ನು ಸ್ವಲ್ಪ ಕಿರಿದಾಗಿಸಬೇಕು: "ಮೊದಲ ಲೋಟ ಜಾಹೀರಾತಿನದು. ಅದಿಲ್ಲದಿದ್ದರೆ ಎರಡನೆಯದು ಇರುತ್ತಿರಲಿಲ್ಲ. ಎರಡನೆಯದನ್ನು ದಿನಾ ಕುಡಿಯುವಂತೆ ಮಾಡಿದ್ದು ಬೆಲೆ ಮತ್ತು ರುಚಿ." ಇಷ್ಟನ್ನು ನೀವೇ ಒಪ್ಪಿಕೊಂಡರೆ ಎದುರಾಳಿಯ ಅತ್ಯುತ್ತಮ ಅಸ್ತ್ರ ಬತ್ತಳಿಕೆಯಲ್ಲೇ ಉಳಿಯುತ್ತದೆ.

ಬೆಂಗಳೂರಿನವರು ಕಾಫಿ ಜನ. ಇಲ್ಲಿ ಚಹಾದ ಉದಾಹರಣೆ ಹಿಡಿಸುತ್ತದೆಯೇ?

ಹಿಡಿಸುತ್ತದೆ, ಅದೂ ಕಾಫಿಯ ಕಾರಣದಿಂದಲೇ. ಇಲ್ಲಿಯ ಸಭಿಕರ ಮುಂದೆ ಎರಡನ್ನೂ ಪಕ್ಕಪಕ್ಕದಲ್ಲಿಡಬಹುದು. ಇಂಥ ಹೋಲಿಕೆ ಮಾರ್ಕೆಟಿಂಗ್ ಓದುವವರಿಗೆ ಬಹಳ ಬೆಲೆಯುಳ್ಳದ್ದು.

ಕಾಫಿಗೂ ಸೆಸ್ ಬಂತು, ಆದರೆ 1935ರಲ್ಲಿ. ಅದರ ಸಮಿತಿ 1936ರಲ್ಲಿ ಮುಂಬೈಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. 1942ರ ಕಾಯ್ದೆಯಡಿ ಬಂದ ಕಾಫಿ ಮಂಡಳಿಯ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಈಗ ವರ್ಷಗಳನ್ನು ಗಮನಿಸಿ. ಇಂದು ಎಂಟಿಆರ್ ಎಂದು ಕರೆಯುವ ಹೋಟೆಲು 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಸೆಸ್ ಬರುವುದಕ್ಕೆ ಹನ್ನೊಂದು ವರ್ಷ ಮೊದಲೇ ಈ ಊರಿನಲ್ಲಿ ಹೋಟೆಲಿನ ಬೋರ್ಡಿನ ಮೇಲೆ ಹಾಕಿಕೊಂಡರೆ ಗಿರಾಕಿ ಬರುವಷ್ಟು ಕಾಫಿ ಪರಿಚಿತವಾಗಿತ್ತು. ಸಂಘಟಿತ ಪ್ರಚಾರ ಬರುವ ಮೊದಲೇ ದಕ್ಷಿಣದ ಪಟ್ಟಣಗಳ ಮನೆಗಳಲ್ಲಿ ಕಾಫಿ ಕುದಿಯುತ್ತಿತ್ತು.

ವಿರೋಧದವರಿಗೆ ಇದು ಹಬ್ಬ. "ಒಂದೇ ದೇಶ, ಒಂದೇ ಕಾಲ, ಎರಡು ಪಾನೀಯ. ಒಂದಕ್ಕೆ ದೊಡ್ಡ ಪ್ರಚಾರ ಬೇಕಾಯಿತು, ಇನ್ನೊಂದು ಪ್ರಚಾರಕ್ಕೆ ಮುಂಚೆಯೇ ಮನೆಮಾತಾಗಿತ್ತು. ಹಾಗಾದರೆ ಬಿಸಿಯಾದ, ಮೈ ಚುರುಕು ಮಾಡುವ ಪಾನೀಯದ ಹಂಬಲ ಜನರಲ್ಲಿ ಇದ್ದೇ ಇತ್ತು. ಜಾಹೀರಾತು ಅದಕ್ಕೆ ಚಹಾ ಎಂಬ ವಿಳಾಸ ಕೊಟ್ಟಿತು, ಅಷ್ಟೇ."

ಪರದವರು ಇದಕ್ಕೆ ಉತ್ತರ ಸಿದ್ಧಪಡಿಸಿಕೊಳ್ಳದೆ ವೇದಿಕೆ ಹತ್ತಬಾರದು. ಉತ್ತರ ಇಷ್ಟು: ಕಾಫಿ ತಾನಾಗಿ ಹರಡಲಿಲ್ಲ. ಪಟ್ಟಣದ ಓದಿದವರನ್ನು, ಸರ್ಕಾರಿ ನೌಕರರನ್ನು ನೋಡಿ ಉಳಿದವರು ಕಲಿತರು. ಮುದ್ರಿತ ಜಾಹೀರಾತು ಇಲ್ಲದಿದ್ದರೂ ನೋಡಿ ಕಲಿಯುವುದು ನಡೆದೇ ಇತ್ತು. ಬಯಕೆ ಹೊರಗಿನಿಂದ ಬರುತ್ತದೆ ಎಂಬುದಕ್ಕೆ ಕಾಫಿಯೂ ಸಾಕ್ಷಿಯೇ. ಆದರೆ ಈ ಉತ್ತರಕ್ಕೆ ಒಂದು ಬೆಲೆಯಿದೆ. ನೆರೆಯವರನ್ನು ನೋಡಿಯೂ ಬಯಕೆ ಹುಟ್ಟುತ್ತದೆ ಎಂದ ಮೇಲೆ, ಜಾಹೀರಾತಿಗೆ ಮಾತ್ರ ಆ ಶಕ್ತಿ ಇದೆ ಎಂದು ಆಮೇಲೆ ಹೇಳುವಂತಿಲ್ಲ.

ಐದು ನಿಮಿಷದಲ್ಲಿ ಇದನ್ನೆಲ್ಲ ಹೇಗೆ ಜೋಡಿಸುವುದು?

ಮೊದಲು ನಿಮ್ಮ ವೇಗ ತಿಳಿದುಕೊಳ್ಳಿ. ಕನ್ನಡದ ಪದಗಳು ಉದ್ದ. ವೇದಿಕೆಯ ಮೇಲೆ ಸ್ಪಷ್ಟವಾಗಿ ಮಾತನಾಡಿದರೆ ನಿಮಿಷಕ್ಕೆ ಸುಮಾರು 90ರಿಂದ 100 ಪದ ಎಂದಿಟ್ಟುಕೊಳ್ಳಿ. ಇಂಗ್ಲಿಷ್ ಭಾಷಣದ ಲೆಕ್ಕ ಹಿಡಿದು 700 ಪದ ಬರೆದುಕೊಂಡು ಬಂದವರು ಮೂರನೇ ನಿಮಿಷದಿಂದ ಓಡತೊಡಗುತ್ತಾರೆ, ಸಭೆಗೆ ಏನೂ ಕೇಳಿಸುವುದಿಲ್ಲ. 450 ಪದ ಬರೆಯಿರಿ. ಫೋನಿನಲ್ಲಿ ಗಡಿಯಾರ ಇಟ್ಟು, ನಿಂತುಕೊಂಡೇ, ಗಟ್ಟಿಯಾಗಿ ಓದಿ ನೋಡಿ. ಕೂತು ಮನಸ್ಸಿನಲ್ಲಿ ಓದಿದ ಲೆಕ್ಕ ವೇದಿಕೆಯಲ್ಲಿ ಕೆಲಸಕ್ಕೆ ಬಾರದು.

ಸಭಾವಂದನೆಗೆ ಹತ್ತು ಸೆಕೆಂಡು ಸಾಕು. ಗಣ್ಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದರೆ ಅರ್ಧ ನಿಮಿಷ ಹೋಗುತ್ತದೆ, ಅದಕ್ಕೆ ಅಂಕವಿಲ್ಲ. ಮೊದಲ ನಿಮಿಷ ವ್ಯಾಖ್ಯೆಗೆ ಮತ್ತು ನಿಲುವಿಗೆ. ಮುಂದಿನ ಎರಡೂವರೆ ನಿಮಿಷ ಪೂರ್ತಿ ಚಹಾಕ್ಕೆ. ಆಮೇಲೆ ಒಂದು ನಿಮಿಷ ಎದುರಾಳಿ ಎತ್ತಬಹುದಾದ ಒಂದೇ ಆಕ್ಷೇಪಕ್ಕೆ, ಅದರಲ್ಲೂ ಅತಿ ಗಟ್ಟಿಯಾದದ್ದಕ್ಕೆ. ಉಳಿದ ಅರ್ಧ ನಿಮಿಷವನ್ನು ಖಾಲಿ ಬಿಡಿ. ಚಪ್ಪಾಳೆ, ಮೈಕಿನ ತೊಂದರೆ, ತೊದಲು ಎಲ್ಲಕ್ಕೂ ಅದು ಬೇಕಾಗುತ್ತದೆ.

ಒಂದು ಮಾದರಿ ಕೊಡಬಹುದೇ?

ಪರ ಪಕ್ಷದ ಭಾಷಣದ ಆರಂಭ ಮತ್ತು ನಡುಭಾಗ ಹೀಗಿರಬಹುದು. ಹಾಗೆಯೇ ಒಪ್ಪಿಸಬೇಡಿ. ವಾಕ್ಯಗಳ ಉದ್ದ ಎಷ್ಟಿದೆ, ಮಾಹಿತಿ ಎಲ್ಲಿ ಬಂತು ಎಂಬುದನ್ನು ನೋಡಿಕೊಳ್ಳಿ.

"ತೀರ್ಪುಗಾರರಿಗೆ, ಗೆಳೆಯರಿಗೆ ನಮಸ್ಕಾರ. ಇಂದು ಬೆಳಿಗ್ಗೆ ಈ ಸಭಾಂಗಣಕ್ಕೆ ಬರುವ ಮೊದಲು ನಿಮ್ಮಲ್ಲಿ ಎಷ್ಟು ಜನ ಕಾಫಿಯನ್ನೋ ಚಹಾವನ್ನೋ ಕುಡಿದಿರಿ? ಕುಡಿಯದೆ ಬಂದವರ ಮುಖ ನೋಡಿದರೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಕೊರತೆ ಎನಿಸುವುದಕ್ಕೆ ನಾನು ಅಗತ್ಯ ಎನ್ನುತ್ತೇನೆ. ಆ ಕೊರತೆ ನಿಮ್ಮ ಮುತ್ತಜ್ಜಿಗೆ ಇತ್ತೇ? ಇರಲಿಲ್ಲವಾದರೆ, ಎಲ್ಲಿಂದ ಬಂತು?

"ಉತ್ತರ ಒಂದು ರೈಲು ನಿಲ್ದಾಣದ ಗೋಡೆಯ ಮೇಲಿತ್ತು. ಅಲ್ಲಿ ಒಂದು ಎನಾಮೆಲ್ ಫಲಕ. ಅದರ ಮೇಲೆ ಬೆಲೆ ಇರಲಿಲ್ಲ, ರಿಯಾಯಿತಿ ಇರಲಿಲ್ಲ. ನೀರು ಹೇಗೆ ಕುದಿಸಬೇಕು, ಸೊಪ್ಪು ಎಷ್ಟು ಹಾಕಬೇಕು ಎಂದು ಬರೆದಿತ್ತು. ಹಸಿದವನಿಗೆ ಅನ್ನ ಹೇಗೆ ಉಣ್ಣಬೇಕು ಎಂದು ಯಾರೂ ಫಲಕ ಬರೆದು ಕಲಿಸುವುದಿಲ್ಲ. ಕಲಿಸಬೇಕಾಗಿ ಬಂತೆಂದರೆ ಆ ಹಸಿವು ಇನ್ನೂ ಹುಟ್ಟಿರಲಿಲ್ಲ. ಫಲಕ ಹಾಕಿಸಿದವರು ಯಾರು? ಬಾಯಾರಿದ ಪ್ರಯಾಣಿಕರಲ್ಲ. ರಫ್ತಿಗೆ ಮಿತಿ ಬಿದ್ದು, ಗೋದಾಮಿನಲ್ಲಿ ಸರಕು ಉಳಿದ ತೋಟದ ಮಾಲೀಕರು. ಕೊರತೆ ಇದ್ದದ್ದು ಕೊಳ್ಳುವವನಲ್ಲಿ ಅಲ್ಲ, ಮಾರುವವನಲ್ಲಿ."

ಇಷ್ಟು ಓದಲು ಒಂದು ನಿಮಿಷದ ಮೇಲೆ ಬೇಕು. ಕೊನೆಯ ವಾಕ್ಯದ ನಂತರ ಎರಡು ಸೆಕೆಂಡು ನಿಲ್ಲಿಸಿ, ಆಮೇಲೆ 1937ರ ಮಂಡಳಿಯ ಹೆಸರಿಗೆ ಹೋಗಿ. ಇಸವಿಗಳು ಭಾಷಣವಿಡೀ ಮೂರಕ್ಕಿಂತ ಹೆಚ್ಚಾಗಬಾರದು: 1903, 1937, ಬೇಕಿದ್ದರೆ 1924. ಉಳಿದವು ಖಂಡನೆಗೆ ಜೇಬಿನಲ್ಲಿರಲಿ.

ವಿರೋಧ ಪಕ್ಷಕ್ಕೆ ಸೋತ ಜಾಹೀರಾತಿನ ಉದಾಹರಣೆ ಬೇಕು. ಯಾವುದು ಒಳ್ಳೆಯದು?

ಕೆಲಾಗ್ಸ್. ಕಂಪನಿ 1994ರಲ್ಲಿ ಕಾರ್ನ್‌ಫ್ಲೇಕ್ಸ್ ಹಿಡಿದುಕೊಂಡು ಭಾರತಕ್ಕೆ ಬಂದಾಗ ಹಣಕ್ಕೂ ಅನುಭವಕ್ಕೂ ಕೊರತೆಯಿರಲಿಲ್ಲ. ಆದರೆ ಇಲ್ಲಿ ಹಾಲನ್ನು ಬಿಸಿಯಾಗಿ ಬಳಸುವ ರೂಢಿ. ಬಿಸಿ ಹಾಲಿಗೆ ಬಿದ್ದ ಕಾರ್ನ್‌ಫ್ಲೇಕ್ಸ್ ಗರಿಗರಿ ಕಳೆದುಕೊಂಡು ಮೆತ್ತಗಾಗುತ್ತದೆ, ಅದರ ಇಡೀ ಆಕರ್ಷಣೆ ಗರಿಗರಿಯೇ. ಬೆಲೆಯೂ ಹೆಚ್ಚು. ಬೆಳಗಿನ ತಿಂಡಿಗೆ ಖಾರ, ಬಿಸಿ ಬೇಕೆನ್ನುವ ನಾಲಿಗೆಗೆ ತಣ್ಣನೆಯ ಸಿಹಿ ಒಗ್ಗಲಿಲ್ಲ. ಮೊದಮೊದಲು ಕುತೂಹಲಕ್ಕೆ ಕೊಂಡವರು ಮತ್ತೆ ಕೊಳ್ಳಲಿಲ್ಲ. ಕಂಪನಿ ಆಮೇಲೆ ಮಕ್ಕಳಿಗಾಗಿ ಚೋಕೋಸ್‌ನಂಥ ಉತ್ಪನ್ನಗಳ ಕಡೆ ಹೊರಳಿತು, ಸಣ್ಣ ಪ್ಯಾಕೆಟ್ ತಂದಿತು.

ಇದನ್ನು ಬೆಂಗಳೂರಿನಲ್ಲಿ ಹೇಳುವಾಗ ಪಕ್ಕದಲ್ಲಿ ರವೆ ಇಡ್ಲಿಯನ್ನು ಇಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿದೆವು ಎಂದು ಎಂಟಿಆರ್ ಹೇಳಿಕೊಳ್ಳುತ್ತದೆ. ಇಡ್ಲಿಯ ಬಯಕೆ ಮೊದಲೇ ಇತ್ತು, ಅಕ್ಕಿ ಇರಲಿಲ್ಲ. ಹೊಸ ತಿಂಡಿಯನ್ನು ಜನ ತಾವಾಗಿ ಒಪ್ಪಿಕೊಂಡರು. ಒಂದೆಡೆ ದೊಡ್ಡ ಪ್ರಚಾರವಿದ್ದೂ ಹತ್ತದ ತಿಂಡಿ, ಇನ್ನೊಂದೆಡೆ ಇದ್ದ ಹಂಬಲಕ್ಕೆ ಹೊಂದಿ ಉಳಿದ ತಿಂಡಿ. ವಿರೋಧ ಪಕ್ಷದ ನಿಲುವಿಗೆ ಇದಕ್ಕಿಂತ ಚೆಂದದ ಜೋಡಿ ನಮಗೆ ಕಂಡಿಲ್ಲ.

ದೋಷವೂ ಇದೆ, ಗೊತ್ತಿರಲಿ. ಒಂದು ಜಾಹೀರಾತು ಸೋತದ್ದರಿಂದ ಯಾವ ಜಾಹೀರಾತೂ ಗೆಲ್ಲದು ಎಂದಾಗುವುದಿಲ್ಲ. ಪರದವರು "ಇಂದು ಎಷ್ಟೋ ಮಕ್ಕಳ ಬೆಳಗು ಚೋಕೋಸ್‌ನಿಂದಲೇ ಶುರುವಾಗುತ್ತದೆ, ಅದನ್ನೇನೆನ್ನುತ್ತೀರಿ?" ಎಂದರೆ, ಉತ್ಪನ್ನ ನಾಲಿಗೆಗೆ ಬಾಗಿದ ಮೇಲೆ ತಾನೇ ಅದು ನಡೆದದ್ದು ಎಂದು ಮರುಪ್ರಶ್ನೆ ಹಾಕಿ.

ಗಾಲ್‌ಬ್ರೆತ್, ಹಯೆಕ್ ಹೆಸರು ತರಲೇಬೇಕೇ?

ತರಲೇಬೇಕೆಂದಿಲ್ಲ, ಆದರೆ ವಾದ ಗೊತ್ತಿದ್ದರೆ ಖಂಡನೆ ಸುಲಭ. 1958ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೆತ್ ಹೇಳಿದ್ದರ ಸಾರ ಇದು: ಬಯಕೆಯನ್ನು ತೀರಿಸುವ ಉತ್ಪಾದನೆಯೇ ಆ ಬಯಕೆಯನ್ನು ಹುಟ್ಟಿಸುತ್ತಿದ್ದರೆ, ಬಯಕೆ ತೀರಿಸುತ್ತಿದ್ದೇವೆ ಎಂಬ ನೆಪದಿಂದ ಉತ್ಪಾದನೆಯನ್ನು ಸಮರ್ಥಿಸುವಂತಿಲ್ಲ. 1961ರಲ್ಲಿ ಫ್ರೀಡ್ರಿಕ್ ಹಯೆಕ್ ಉತ್ತರ ಕೊಟ್ಟರು: ಊಟ, ಆಸರೆಯಂಥ ಕೆಲವನ್ನು ಬಿಟ್ಟರೆ ಮನುಷ್ಯನ ಬಯಕೆಗಳೆಲ್ಲ ಇತರರಿಂದ ಕಲಿತವೇ. ಸಂಗೀತ, ಸಾಹಿತ್ಯದ ಅಭಿರುಚಿಯೂ ಹಾಗೆ ಬಂದದ್ದೇ. ಕಲಿತದ್ದು ಎಂದ ಮಾತ್ರಕ್ಕೆ ಅದು ಮುಖ್ಯವಲ್ಲ ಎಂದಾಗುವುದಿಲ್ಲ. ಅಲ್ಲದೆ ಒಬ್ಬ ಉತ್ಪಾದಕ ಬಯಕೆಯ ಮೇಲೆ ಪ್ರಭಾವ ಬೀರಬಲ್ಲನೇ ಹೊರತು ಅದನ್ನು ತಾನೊಬ್ಬನೇ ನಿರ್ಧರಿಸಲಾರ.

ಹಯೆಕ್ ಇಲ್ಲಿ ಎರಡು ಅಲಗಿನ ಕತ್ತಿ. "ಬಯಕೆಗಳು ಕಲಿತವು" ಎಂಬ ಭಾಗವನ್ನು ಪರದವರು ಎತ್ತಿಕೊಳ್ಳಬಹುದು, "ಒಬ್ಬನೇ ನಿರ್ಧರಿಸಲಾರ" ಎಂಬುದನ್ನು ವಿರೋಧದವರು. ಯಾವ ಅರ್ಧ ನಿಮ್ಮದು ಎಂದು ಮೊದಲೇ ತೀರ್ಮಾನಿಸಿಕೊಂಡಿರಿ.

ಖಂಡನೆಯಲ್ಲಿ ಯಾವ ಪ್ರಶ್ನೆ ಬಂದೇ ಬರುತ್ತದೆ?

ಚಹಾ ಹಿಡಿದವರಿಗೆ ಕೆಫೀನಿನ ಪ್ರಶ್ನೆ. ದಿನಾ ಕುಡಿಯುವವರು ಬಿಟ್ಟರೆ ಸುಮಾರು 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು ಶುರುವಾಗಬಹುದು. ಎದುರಾಳಿ ಹೇಳುತ್ತಾರೆ: "ಅಗತ್ಯವನ್ನು ಹುಟ್ಟಿಸಿದ್ದು ಕೆಫೀನ್, ನಿಮ್ಮ ಫಲಕವಲ್ಲ." ಉತ್ತರದಲ್ಲಿ ಒಪ್ಪಿಗೆಯಿಂದಲೇ ಶುರುಮಾಡಿ. ಹೌದು, ಕೊರತೆಯನ್ನು ಉಳಿಸಿದ್ದು ಕೆಫೀನ್. ಆದರೆ ಆ ಗಿಡ ಅಸ್ಸಾಮಿನಲ್ಲಿ ದಶಕಗಳಿಂದ ಇತ್ತು, ಅದರೊಳಗೆ ಕೆಫೀನೂ ಇತ್ತು. ಕುಡಿಯದವನಿಗೆ ತಲೆನೋವು ಬರಲಿಲ್ಲ. ಕೆಫೀನನ್ನು ಬಾಯಿಗೆ ತಲುಪಿಸಿದ್ದು ಯಾವುದು?

ಎರಡನೆಯ ಪ್ರಶ್ನೆ ಒಳ್ಳೆಯದು, ಕೆಟ್ಟದ್ದು ಎಂಬುದು. ಗಾಂಧೀಜಿ ಚಹಾ ಕಾಫಿ ಎರಡೂ ಬೇಡವೆಂದು ಬರೆದಿದ್ದರು ಎಂದು ಯಾರೋ ಎತ್ತುತ್ತಾರೆ. ಅದು ನಿಜ, ಆದರೆ ಇಂದಿನ ವಿಷಯ ಅದಲ್ಲ. ಜಾಹೀರಾತು ಅಗತ್ಯ ಹುಟ್ಟಿಸುತ್ತದೋ ಇಲ್ಲವೋ ಎಂಬುದೇ ಬೇರೆ, ಹುಟ್ಟಿಸುವುದು ಸರಿಯೋ ತಪ್ಪೋ ಎಂಬುದೇ ಬೇರೆ. ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ.

ಯಾವ ಉಲ್ಲೇಖಗಳನ್ನು ಬಿಡಬೇಕು?

"ಜನರನ್ನು ಕೇಳಿದ್ದರೆ ಇನ್ನೂ ವೇಗದ ಕುದುರೆ ಬೇಕೆನ್ನುತ್ತಿದ್ದರು" ಎಂಬ ಮಾತನ್ನು ಹೆನ್ರಿ ಫೋರ್ಡ್ ಹೇಳಿದ್ದಕ್ಕೆ ದಾಖಲೆ ಸಿಕ್ಕಿಲ್ಲ. ಮ್ಯಾಸ್ಲೋ ಹೆಸರಿನ ಪಿರಮಿಡ್ಡನ್ನೂ ಬಿಡಿ. 1943ರ ಅವರ ಲೇಖನದಲ್ಲಿ ಅಗತ್ಯಗಳ ಶ್ರೇಣಿ ಇದೆ, ಪಿರಮಿಡ್ ಚಿತ್ರವಿಲ್ಲ. ತೀರ್ಪುಗಾರರಲ್ಲಿ ಒಬ್ಬರಿಗೆ ಇದು ಗೊತ್ತಿದ್ದರೂ ಉಳಿದ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ.

ಕನ್ನಡ ಭಾಷಣದಲ್ಲಿ ಮಾರ್ಕೆಟಿಂಗ್, ಬ್ರ್ಯಾಂಡ್ ಎನ್ನಬಹುದೇ?

ಧಾರಾಳವಾಗಿ. ಯಾರೂ ಬಳಸದ ಪದವನ್ನು ಹೊಸೆದು ತಂದರೆ ಸಭೆ ಅದರ ಅರ್ಥ ಹುಡುಕುತ್ತ ಕೂರುತ್ತದೆ, ಅಷ್ಟರಲ್ಲಿ ನಿಮ್ಮ ವಾದ ಮುಂದೆ ಹೋಗಿರುತ್ತದೆ.

ಊರಿನೊಳಗೆ ಸಾಮಗ್ರಿ ಎಲ್ಲಿ ಸಿಗುತ್ತದೆ?

ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಿಂದ ಶುರುಮಾಡಿ. ಹಳೆಯ ಪತ್ರಿಕೆ ನೋಡಲು ಸಿಕ್ಕರೆ ಸುದ್ದಿಯನ್ನು ಬಿಟ್ಟು ಜಾಹೀರಾತಿನ ಪುಟ ನೋಡಿ. ಬೆಲೆ ಎಷ್ಟು, ಚಿತ್ರದಲ್ಲಿ ಯಾರಿದ್ದಾರೆ, ಮಾಡುವ ವಿಧಾನ ಕೊಟ್ಟಿದ್ದಾರೆಯೇ ಎಂಬ ಮೂರನ್ನೇ ಬರೆದುಕೊಳ್ಳಿ. ವಿಧಾನ ಕೊಡುವುದನ್ನು ಯಾವ ವರ್ಷದಿಂದ ನಿಲ್ಲಿಸಿದರು ಎಂದು ಪತ್ತೆಹಚ್ಚಿದರೆ ಅದೇ ನಿಮ್ಮ ಸ್ವಂತ ಸಾಕ್ಷ್ಯ. ಜನ ಕಲಿತಾಯಿತು ಎಂದು ಮಾರುವವರಿಗೆ ಅನಿಸಿದ ಹೊತ್ತು ಸುಮಾರಾಗಿ ಅದೇ ಇರುತ್ತದೆ. ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್ ಗೋಡೆಗಳ ಮೇಲೆ ಹಳೆಯ ಕಾಲದ ಕಾಫಿ ಪೋಸ್ಟರ್‌ಗಳಿವೆ, ಅವುಗಳ ಮುಂದೆಯೂ ಇದೇ ಪ್ರಶ್ನೆಗಳನ್ನು ಹಾಕಿಕೊಳ್ಳಬಹುದು.

ಎಚ್ಚರಿಕೆಯ ಗಂಟೆ ಹೊಡೆದಾಗ ಇನ್ನೂ ಅರ್ಧ ಭಾಷಣ ಉಳಿದಿದ್ದರೆ?

ಸಾಮಾನ್ಯವಾಗಿ ನಾಲ್ಕನೇ ನಿಮಿಷಕ್ಕೆ ಮೊದಲ ಗಂಟೆ. ಆಗ ವೇಗ ಹೆಚ್ಚಿಸಬೇಡಿ. ಚೀಟಿಯ ಮೇಲೆ ಮೊದಲೇ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದಿಟ್ಟುಕೊಂಡಿರಿ: ಗಂಟೆ ಕೇಳಿದ ತಕ್ಷಣ ನೇರ ಆ ಗೆರೆಗೆ ಹಾರಬೇಕು. ಗೆರೆಯ ಕೆಳಗೆ ಸಿಟಿಸಿಯ ಎರಡು ವಾಕ್ಯ ಮತ್ತು "ಮೊದಲ ಲೋಟ" ಎಂಬ ವಾಕ್ಯ ಮಾತ್ರ ಇರಲಿ. ನಡುವೆ ಬಿಟ್ಟುಹೋದದ್ದು ಸಭೆಗೆ ಗೊತ್ತಾಗುವುದಿಲ್ಲ. ಅದನ್ನು ಖಂಡನೆಯ ಎರಡು ನಿಮಿಷದಲ್ಲಿ, ಎದುರಾಳಿಯ ಪ್ರಶ್ನೆಗೆ ಉತ್ತರದ ರೂಪದಲ್ಲಿ ಬಳಸಿಕೊಳ್ಳಿ.